122ಕ್ಕೆ ಶುರು, 119ಕ್ಕೆ ಲಾಭ: ನನ್ನ ಎಸ್‌ಐಪಿಯ ಲೆಕ್ಕದ ಪುಸ್ತಕ

ನಾನು ಎಸ್‌ಐಪಿ ಶುರು ಮಾಡಿದ್ದು 2020ರ ಜನವರಿಯಲ್ಲಿ. ನಿಫ್ಟಿ 12,000ದ ಮೇಲೆ ಕೂತಿತ್ತು. ಮಾರ್ಚ್‌ನಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ನಮ್ಮ ಭಾವ ಫೋನ್ ಮಾಡಿ, "ಏನಪ್ಪಾ, ನಿನ್ನ ಕಂತು ಕಟ್ಟಿದ್ದು ಎಲ್ಲಿಗೆ ಬಂತು?" ಅಂತ ಕೇಳಿದ್ದರು. ಅದೇ ಭಾವ ಈಗ ನನ್ನ ಲೆಕ್ಕದ ಹಾಳೆ ಕಳಿಸು ಅಂತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎನ್‌ಎವಿ, ಯೂನಿಟ್ ಎಲ್ಲ ನಿಮಗೆ ಗೊತ್ತಿರುವುದರಿಂದ ಆ ಪಾಠ ಇಲ್ಲಿಲ್ಲ. ಪುಸ್ತಕದಲ್ಲಿಲ್ಲದ ಅಂಕಿಗಳು ನೆನಪಿನಿಂದ ಬಂದವು, ಸ್ವಲ್ಪ ಆಚೀಚೆ ಇರಬಹುದು.

ಮೊದಲು ಸೋತ ಕಥೆ ಹೇಳಿಬಿಡುತ್ತೇನೆ. 2020 ನನ್ನ ಎರಡನೇ ಪ್ರಯತ್ನ. ಮೊದಲನೆಯದು 2007ರ ಕೊನೆಯಲ್ಲಿ, ತಿಂಗಳಿಗೆ 2,000. 2008ರ ಜನವರಿಯಲ್ಲಿ ನಿಫ್ಟಿ 6,300 ಮುಟ್ಟಿತು, ಅಕ್ಟೋಬರ್ ಕೊನೆಗೆ 2,500ರ ಆಸುಪಾಸಿಗೆ ಬಂತು. ಪ್ರತಿ ತಿಂಗಳೂ ಹಣ ಹಾಕಿದ್ದೆ, ಪ್ರತಿ ತಿಂಗಳೂ ಒಟ್ಟು ಮೊತ್ತ ಕರಗುತ್ತಿತ್ತು. ನವೆಂಬರ್‌ನಲ್ಲಿ ನಿಲ್ಲಿಸಿದೆ. ಮುಂದಿನ ಮಾರ್ಚ್‌ನಲ್ಲಿ ಮಾರಿಯೂ ಬಿಟ್ಟೆ. ಹಾಕಿದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. 2010ರ ನವೆಂಬರ್‌ನಲ್ಲಿ ನಿಫ್ಟಿ ಮತ್ತೆ 6,300ಕ್ಕೆ ಬಂದಾಗ ನನ್ನ ಕೈಯಲ್ಲಿ ಒಂದು ಯೂನಿಟ್ಟೂ ಇರಲಿಲ್ಲ. ಅಗ್ಗದ ತಿಂಗಳುಗಳಲ್ಲಿ ಕೊಳ್ಳುವುದೇ ಈ ವಿಧಾನದ ಜೀವ. ನಾನು ಆ ತಿಂಗಳುಗಳನ್ನೇ ಬಿಟ್ಟು, ದುಬಾರಿ ತಿಂಗಳುಗಳನ್ನು ಮಾತ್ರ ಕೊಂಡಿದ್ದೆ.

ಸುಮಾರು ಹನ್ನೊಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಎರಡನೇ ಸಲ ನಿಫ್ಟಿ ಇಂಡೆಕ್ಸ್ ಫಂಡ್ ತಗೊಂಡೆ. ತಿಂಗಳಿಗೆ 5,000, ಪ್ರತಿ 10ನೇ ತಾರೀಖು. 2020ರ ಮೊದಲ ಹತ್ತು ಕಂತುಗಳು ನನ್ನ ಪುಸ್ತಕದಲ್ಲಿ ಹೀಗಿವೆ. ಎನ್‌ಎವಿಯನ್ನು ಹತ್ತಿರದ ರೂಪಾಯಿಗೆ ಬರೆದಿದ್ದೇನೆ. ಜನವರಿ 122, ಫೆಬ್ರವರಿ 120, ಮಾರ್ಚ್ 105, ಏಪ್ರಿಲ್ 90, ಮೇ 92, ಜೂನ್ 101, ಜುಲೈ 108, ಆಗಸ್ಟ್ 113, ಸೆಪ್ಟೆಂಬರ್ 114, ಅಕ್ಟೋಬರ್ 119.

ಮಾರ್ಚ್ 23ರಂದು ನಿಫ್ಟಿ ಒಂದೇ ದಿನಕ್ಕೆ ಶೇ. 13ರಷ್ಟು ಬಿತ್ತು, 7,610ಕ್ಕೆ. ಆ ತಳ ನನಗೆ ಸಿಗಲಿಲ್ಲ. ಮಾರ್ಚ್‌ನ ಕಂತು ಅದಕ್ಕೆ ಮೊದಲೇ ಹೋಗಿತ್ತು, ಏಪ್ರಿಲ್‌ನದು ಬರುವಷ್ಟರಲ್ಲಿ ಮಾರುಕಟ್ಟೆ ಸ್ವಲ್ಪ ಎದ್ದಿತ್ತು. ಆಗ ಬೇಜಾರಾಗಿತ್ತು. ಆದರೆ ಲೆಕ್ಕ ನೋಡಿ. ಜನವರಿಯಲ್ಲಿ 5,000ಕ್ಕೆ ಸಿಕ್ಕಿದ್ದು 41 ಯೂನಿಟ್. ಏಪ್ರಿಲ್‌ನಲ್ಲಿ ಅದೇ 5,000ಕ್ಕೆ 55 ಚಿಲ್ಲರೆ. ಹತ್ತು ಕಂತು ಸೇರಿ 50,000ಕ್ಕೆ 466 ಯೂನಿಟ್ ಬಂತು. ಭಾಗಿಸಿದರೆ ಸರಾಸರಿ ಬೆಲೆ 107 ರೂಪಾಯಿ 27 ಪೈಸೆ. ಅಕ್ಟೋಬರ್‌ನ 119ರ ಲೆಕ್ಕದಲ್ಲಿ 55,467. ಅಂದರೆ ನಾನು ಶುರು ಮಾಡಿದ 122ಕ್ಕೆ ಬೆಲೆ ಇನ್ನೂ ವಾಪಸ್ ಬಂದಿರಲಿಲ್ಲ, ಆದರೂ ಐದೂವರೆ ಸಾವಿರದ ಹತ್ತಿರ ಲಾಭದಲ್ಲಿದ್ದೆ. ಭಾವನಿಗೆ ಫೋನ್ ಮಾಡುವ ಸರದಿ ನನ್ನದಾಯಿತು.

ಹಾಳೆಯಲ್ಲಿ ನಾನು ಇಟ್ಟುಕೊಂಡಿದ್ದು ಇಷ್ಟೇ. B ಸಾಲಲ್ಲಿ ಹಣ, C ಸಾಲಲ್ಲಿ ಎನ್‌ಎವಿ, D ಸಾಲಲ್ಲಿ ಯೂನಿಟ್.

```
=SUM(B2:B11)/SUM(D2:D11)
```

ಹೊಸಬರು ಮಾಡುವ ತಪ್ಪು C ಸಾಲಿನ ಸರಾಸರಿ ತೆಗೆಯುವುದು. ನಾನೂ ಮೊದಲು ಹಾಗೇ ಮಾಡಿದ್ದೆ. ಅದು 108.40 ತೋರಿಸುತ್ತದೆ. ನಿಜವಾದ ಬೆಲೆ ಅದಕ್ಕಿಂತ ಕಡಿಮೆ, ಯಾಕಂದ್ರೆ ಅಗ್ಗದ ತಿಂಗಳಲ್ಲಿ ಯೂನಿಟ್ ಜಾಸ್ತಿ ಬಂದಿರುತ್ತದೆ, ಆ ಬೆಲೆಗೆ ತೂಕ ಜಾಸ್ತಿ. ಎಲ್ಲರೂ ಇದನ್ನೇ ಎಸ್‌ಐಪಿಯ ಜಾದೂ ಅಂತ ಹೊಗಳುತ್ತಾರೆ. ಆದರೆ ಎರಡರ ನಡುವಿನ ವ್ಯತ್ಯಾಸ ಎಷ್ಟು? 1 ರೂಪಾಯಿ 13 ಪೈಸೆ. ಅಂಥಾ ಕುಸಿತದ ವರ್ಷದಲ್ಲೂ ಇಷ್ಟೇ! ನನ್ನ ಲಾಭ ಬಂದಿದ್ದು ಈ ಗಣಿತದಿಂದ ಅಲ್ಲ. 90, 92, 101ರಲ್ಲಿ ಕೈ ನಡುಗದೆ ಕೊಂಡಿದ್ದರಿಂದ.

ಇದಕ್ಕೆ ಸಾಕ್ಷಿ ನನ್ನ ಸಹೋದ್ಯೋಗಿಯೇ. ನನ್ನ ಜೊತೆಗೇ, ಅದೇ ಫಂಡ್‌ನಲ್ಲಿ, ಅದೇ ಮೊತ್ತಕ್ಕೆ ಶುರು ಮಾಡಿದ್ದರು. ಮಾರ್ಚ್ ಕಂತಿನ ನಂತರ "ಸ್ವಲ್ಪ ತಿಳಿಯಾಗಲಿ" ಅಂತ ನಿಲ್ಲಿಸಿದರು. ತಿಳಿಯಾಗಿದ್ದು ಅವರ ಪ್ರಕಾರ ಆಗಸ್ಟ್‌ನಲ್ಲಿ, ಆಗ ಮತ್ತೆ ಶುರು ಮಾಡಿದರು. ಆರು ಕಂತು, 30,000, ಸುಮಾರು 260 ಯೂನಿಟ್. ಅವರ ಸರಾಸರಿ 115 ಚಿಲ್ಲರೆ. ಅಕ್ಟೋಬರ್‌ನಲ್ಲಿ ಅವರ ಲಾಭ ಸಾವಿರ ರೂಪಾಯಿಯೂ ಇಲ್ಲ. ನನ್ನ ಲಾಭದಲ್ಲಿ ನಾಲ್ಕೂವರೆ ಸಾವಿರದಷ್ಟು ಅವರು ಬಿಟ್ಟ ಆ ನಾಲ್ಕು ಕಂತುಗಳದ್ದೇ. ಪಾಪ, ಅವರನ್ನು ಆಡಿಕೊಳ್ಳುತ್ತಿಲ್ಲ. 2008ರಲ್ಲಿ ನಾನು ಮಾಡಿದ್ದೂ ಅದನ್ನೇ.

ಒಂದು ವಿಷಯ. ಆ ಅಕ್ಟೋಬರ್‌ನಲ್ಲಿ ಆ್ಯಪ್ ನನ್ನ ಎಕ್ಸ್‌ಐಆರ್‌ಆರ್ ಶೇ. 30ರ ಮೇಲೆ ತೋರಿಸುತ್ತಿತ್ತು. ಹಾಕಿದ ಹಣದ ಮೇಲೆ ಬಂದಿದ್ದು ಶೇ. 11 ಅಷ್ಟೇ. ಹಣ ಸರಾಸರಿ ನಾಲ್ಕೂವರೆ ತಿಂಗಳು ಮಾತ್ರ ಕೂತಿದ್ದರಿಂದ, ವರ್ಷಕ್ಕೆ ಎಳೆದಾಗ ಅಂಕಿ ಉಬ್ಬುತ್ತದೆ. ಮೊದಲ ಎರಡು ವರ್ಷ ಆ ಅಂಕಿಯನ್ನು ನೋಡಲೇಬೇಡಿ, ಯಾರಿಗೂ ತೋರಿಸಲೂಬೇಡಿ. ನಾನು ತೋರಿಸಿ ಆಮೇಲೆ ಮುಜುಗರ ಪಟ್ಟೆ.

ನಡುವೆ ದುಡ್ಡು ಕಳೆದ ಇನ್ನೊಂದು ದಾರಿ ಬೌನ್ಸ್. 2021ರಲ್ಲಿ ಒಂದು ತಿಂಗಳು ಸಂಬಳ ತಡವಾಯಿತು, 10ನೇ ತಾರೀಖು ಖಾತೆಯಲ್ಲಿ ಹಣ ಇರಲಿಲ್ಲ. ಬ್ಯಾಂಕು ದಂಡ, ಜಿಎಸ್‌ಟಿ ಎಲ್ಲ ಸೇರಿಸಿ 590 ಕಿತ್ತುಕೊಂಡಿತು. ಐದು ಸಾವಿರ ಚಿಲ್ಲರೆಯ ಕಂತಿಗೆ ಶೇ. 10ಕ್ಕಿಂತ ಜಾಸ್ತಿ! ಸರಾಸರಿಯಲ್ಲಿ ಉಳಿಸಿದ ರೂಪಾಯಿ ಹೀಗೆ ಒಂದೇ ಏಟಿಗೆ ಹೋಗುತ್ತದೆ. ಈಗ ಎರಡು ಕಂತಿನಷ್ಟು ಹಣ ಆ ಖಾತೆಯಲ್ಲಿ ಯಾವಾಗಲೂ ಇರುತ್ತದೆ, ಅದನ್ನು ಮುಟ್ಟುವುದಿಲ್ಲ.

ತಾರೀಖಿನ ಮೇಲೂ ಪ್ರಯೋಗ ಮಾಡಿದೆ. ಇನ್ನೊಂದು ಸಣ್ಣ ಎಸ್‌ಐಪಿಯನ್ನು ವಾರಕ್ಕೊಮ್ಮೆ ಮಾಡಿ ಸುಮಾರು ಎರಡು ವರ್ಷ ನಡೆಸಿದೆ. ಸರಾಸರಿ ಬೆಲೆಯಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಬರಲಿಲ್ಲ. ಸ್ಟೇಟ್‌ಮೆಂಟ್ ಮಾತ್ರ ನಾಲ್ಕು ಪಟ್ಟು ಉದ್ದವಾಯಿತು. ನಿಲ್ಲಿಸಿದೆ.

ಇನ್ನೊಂದು ಪ್ರಯೋಗ ಹೇಳಿಕೊಳ್ಳಲು ನಾಚಿಕೆ. ಇದೇ ತಂತ್ರ ಒಂದು ಷೇರಿನ ಮೇಲೂ ನಡೆಯುತ್ತದೆ ಅಂದುಕೊಂಡು ತಿಂಗಳಿಗೆ 2,000 ಹಾಕುತ್ತಾ ಹೋದೆ. ಬೆಲೆ 80, ಆಮೇಲೆ 50, 30, 18, 10, ಕೊನೆಗೆ 6. ಆರು ತಿಂಗಳಲ್ಲಿ 775 ಷೇರು, ಸರಾಸರಿ ಹದಿನೈದೂವರೆ. 80ರಿಂದ ಹದಿನೈದೂವರೆಗೆ ಸರಾಸರಿ ಇಳಿಸಿದ್ದೀನಿ ಅಂತ ಖುಷಿ ಬೇರೆ. ಆ ಕಂಪನಿ ಮತ್ತೆ ಏಳಲೇ ಇಲ್ಲ. 12,000ದಲ್ಲಿ ಸಾವಿರದಷ್ಟು ವಾಪಸ್ ಬಂತು. ಸರಾಸರಿ ಇಳಿಯುವುದು ಗಣಿತ, ಬೆಲೆ ವಾಪಸ್ ಬರುವುದು ವ್ಯಾಪಾರ. ಮೊದಲನೆಯದು ಎರಡನೆಯದನ್ನು ತರುವುದಿಲ್ಲ. ಇಂಡೆಕ್ಸ್‌ನಲ್ಲಿ ಸತ್ತ ಕಂಪನಿಯನ್ನು ಹೊರಗೆ ಹಾಕಿ ಇನ್ನೊಂದನ್ನು ಸೇರಿಸುತ್ತಾರೆ, ನನ್ನ ಒಂಟಿ ಷೇರಿಗೆ ಆ ಭಾಗ್ಯ ಇರಲಿಲ್ಲ.

ಈಗ ಯಾರೂ ಜಾಸ್ತಿ ಮಾತಾಡದ ಭಾಗಕ್ಕೆ ಬರುತ್ತೇನೆ. ಪ್ರತಿ ಜನವರಿಗೆ ಕಂತನ್ನು ಶೇ. 10 ಏರಿಸುತ್ತಾ ಬಂದೆ. 2024ರ ಸೆಪ್ಟೆಂಬರ್ ಹೊತ್ತಿಗೆ ನಿಫ್ಟಿ 26,000 ದಾಟಿತ್ತು. ನನ್ನ ಹತ್ತಿರ ಸುಮಾರು 2,050 ಯೂನಿಟ್, ಸರಾಸರಿ 170ರ ಹತ್ತಿರ, ಎನ್‌ಎವಿ 270, ಒಟ್ಟು ಐದೂವರೆ ಲಕ್ಷ. ಅಲ್ಲಿಂದ ಮಾರುಕಟ್ಟೆ ಜಾರಿತು. 2025ರ ಮಾರ್ಚ್‌ನಲ್ಲಿ ಎನ್‌ಎವಿ 235. ಆ ಹಳೆಯ ಯೂನಿಟ್‌ಗಳ ಮೇಲೇ ಕಾಗದದಲ್ಲಿ 70,000 ಕರಗಿತು. ಆ ತಿಂಗಳ ನನ್ನ ಕಂತು 8,050. ಅದಕ್ಕೆ ಸಿಕ್ಕಿದ್ದು 34 ಯೂನಿಟ್.

ಎರಡು ಸಾವಿರ ಯೂನಿಟ್‌ನ ಮುಂದೆ 34 ಎಷ್ಟರದ್ದು? 2020ರ ಏಪ್ರಿಲ್‌ನಲ್ಲಿ ಒಂದು ಕಂತು ನನ್ನ ಒಟ್ಟು ಯೂನಿಟ್‌ನ ಕಾಲು ಭಾಗಕ್ಕಿಂತ ಜಾಸ್ತಿ ಇತ್ತು, ಸರಾಸರಿಯನ್ನು ಜಗ್ಗಿ ಕೆಳಗೆ ತಂದಿತ್ತು. ಈಗ ಅದು ಶೇ. 2ಕ್ಕಿಂತ ಕಡಿಮೆ. ಅದಕ್ಕಿಂತ ತಮಾಷೆ ಅಂದ್ರೆ, ಕುಸಿತದಲ್ಲಿ ಕೊಂಡರೂ ನನ್ನ ಸರಾಸರಿ ಮೇಲಕ್ಕೇ ಹೋಯಿತು. 235 ಅನ್ನುವುದು 270ಕ್ಕಿಂತ ಅಗ್ಗ, ಆದರೆ ನನ್ನ 170ಕ್ಕಿಂತ ದುಬಾರಿ. ಗುಂಪಿನಲ್ಲಿ ಒಬ್ಬರು ಇದನ್ನು ನೋಡಿ "ಸರಾಸರಿ ಕೆಡುತ್ತಿದೆ" ಅಂತ ನಿಲ್ಲಿಸಿಬಿಟ್ಟರು. ಸರಾಸರಿ ಅನ್ನುವುದು ಹಳೆಯ ಖರೀದಿಯ ಬಿಲ್. ಇವತ್ತು ಕೊಳ್ಳುವ ಯೂನಿಟ್ ಮುಂದೆ ಏನಾಗುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ದೊಡ್ಡ ಗಂಟಿಗೆ ಎಸ್‌ಐಪಿಯ ಕಾವಲು ಇಲ್ಲವೇ ಅಂತ ಕೇಳಿದರೆ, ಇಲ್ಲ. ಅದಕ್ಕೆ ನಾನು ಎರಡು ಕೆಲಸ ಮಾಡುತ್ತೇನೆ. ಎರಡು ವರ್ಷದೊಳಗೆ ಬೇಕಾಗುವ ಹಣವನ್ನು ಎಫ್‌ಡಿಗೆ ಸರಿಸುತ್ತೇನೆ. ಜೊತೆಗೆ ದೊಡ್ಡ ಕುಸಿತಕ್ಕೆ ಅಂತಲೇ ಒಂದಿಷ್ಟು ಹಣ ಬೇರೆ ಇಟ್ಟಿರುತ್ತೇನೆ. ಎಷ್ಟು ಬಿದ್ದರೆ ಎಷ್ಟು ಹಾಕುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಹಾಳೆಯಲ್ಲೇ ಇರಲಿ.

ಮಾರುಕಟ್ಟೆ ಬೀಳದೆ ಬರೀ ಏರುತ್ತಾ ಹೋದರೆ ಎಸ್‌ಐಪಿ ಹಿಂದೆ ಬೀಳುತ್ತದೆ, ಇದನ್ನೂ ಒಪ್ಪಿಕೊಳ್ಳಬೇಕು. 2020ರ ಏಪ್ರಿಲ್‌ನ 9,000ದಿಂದ 2021ರ ಅಕ್ಟೋಬರ್‌ನ 18,000ದವರೆಗೆ ನನ್ನ ಹೆಚ್ಚುಕಡಿಮೆ ಎಲ್ಲ ಕಂತೂ ಹಿಂದಿನದಕ್ಕಿಂತ ದುಬಾರಿ. ಆಗ ಒಟ್ಟಿಗೆ ಹಾಕಿದವರು ಗೆದ್ದರು. ನನ್ನ ಹತ್ತಿರ ಒಟ್ಟಿಗೆ ಹಾಕಲು ಹಣ ಎಲ್ಲಿತ್ತು, ಅದು ಬೇರೆ ಮಾತು.

ಕಳೆದ ವರ್ಷ ಮನೆ ರಿಪೇರಿಗೆ 70,000 ಬೇಕಾಯಿತು, 290 ಯೂನಿಟ್ ಮಾರಿದೆ. ಮೊದಲು ಕೊಂಡದ್ದೇ ಮೊದಲು ಮಾರಾಟ ಅನ್ನುವ ಲೆಕ್ಕದಲ್ಲಿ ಹೋಗಿದ್ದು 2020ರ ಜನವರಿಯಿಂದ ಜೂನ್‌ವರೆಗಿನ ಕಂತುಗಳು. ಲಾಭ ನಲವತ್ತು ಸಾವಿರದಷ್ಟು. ವರ್ಷದ 1.25 ಲಕ್ಷದ ಮಿತಿಯೊಳಗೇ ಇದ್ದುದರಿಂದ ತೆರಿಗೆ ಬೀಳಲಿಲ್ಲ. 122ರ ಯೂನಿಟ್‌ಗಳು ಹೋಗಿದ್ದಕ್ಕೆ ಏನೂ ಅನ್ನಿಸಲಿಲ್ಲ. ಅವುಗಳ ಹಿಂದೆಯೇ ಏಪ್ರಿಲ್‌ನ 90ರವೂ ಹೋದಾಗ ಮಾತ್ರ ಹೊಟ್ಟೆ ಉರಿಯಿತು. ಮರುದಿನ ಆ್ಯಪ್ ತೆರೆದು ನೋಡಿದರೆ, ಹೊಸದೇನೂ ಕೊಳ್ಳದಿದ್ದರೂ ಸರಾಸರಿ ಬೆಲೆ ಹತ್ತು ರೂಪಾಯಿಯಷ್ಟು ಮೇಲೆ ಕೂತಿತ್ತು.