ಒಂದು ದಿನದ ತಕರಾರಿಗೆ ಎರಡು ಪುಟದ ಮೆಮೊ: ಬಳ್ಳಾರಿಯಲ್ಲಿ ಇಂಟರ್ನ್‌ಶಿಪ್ ಮಾಡುವಾಗಿನ ನನ್ನ ಅನುಭವ

ಬಳ್ಳಾರಿಯ ವಕೀಲರೊಬ್ಬರ ಕಚೇರಿಯಲ್ಲಿ ಇಂಟರ್ನ್ ಆಗಿದ್ದಾಗ ನಾನು ಬರೆದ ಎರಡು ಪುಟದ ಮೆಮೊವೊಂದು ಕೊನೆಗೆ ವಾದದಲ್ಲಿ ಬಳಕೆಯಾಯಿತು. ಎರಡು ಪುಟದಲ್ಲಿ ಏನೂ ಆಗುವುದಿಲ್ಲ, ಕನಿಷ್ಠ ಹದಿನೈದು ತೀರ್ಪುಗಳಾದರೂ ಇರಬೇಕು ಎಂದು ಜೊತೆಯ ಇಂಟರ್ನ್‌ಗಳು ಹೇಳಿದ್ದರು. ಅದು ಹೇಗೆ ಸಾಧ್ಯವಾಯಿತೆಂದು ನೆನಪಿರುವಷ್ಟು ಬರೆಯುತ್ತಿದ್ದೇನೆ.

ಪ್ರಕರಣ ಎನ್.ಐ. ಆಕ್ಟ್, ಅಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ, ಚೆಕ್ ಬೌನ್ಸ್ ಕುರಿತ ಕಲಂ 138ರದ್ದು. ನಮ್ಮ ಕಕ್ಷಿದಾರರು ಜೀನ್ಸ್ ಹೊಲಿಯುವ ಘಟಕವೊಂದಕ್ಕೆ ಬಟ್ಟೆ ಕೊಟ್ಟಿದ್ದರು. ಬಾಕಿಗೆ ಬಂದ ನಾಲ್ಕು ಲಕ್ಷ ಚಿಲ್ಲರೆಯ ಚೆಕ್ಕು ಬೌನ್ಸ್ ಆಗಿತ್ತು. ನೋಟಿಸು ಆರೋಪಿಗೆ ತಲುಪಿದ್ದು 2024ರ ಮಾರ್ಚ್ 14ರಂದು, ದೂರು ಸಲ್ಲಿಕೆಯಾದದ್ದು ಏಪ್ರಿಲ್ 30ರಂದು. ನೋಟಿಸು ತಲುಪಿದ ಮೇಲೆ ಹಣ ಕೊಡಲು ಆರೋಪಿಗೆ ಹದಿನೈದು ದಿನ, ಅದು ಮುಗಿದ ಮೇಲೆ ದೂರು ಸಲ್ಲಿಸಲು ನಮಗೆ ಒಂದು ತಿಂಗಳು. ಅಂತಿಮ ವಾದದ ಹಂತದಲ್ಲಿ ಎದುರು ವಕೀಲರು, ದೂರು ಒಂದು ದಿನ ತಡವಾಗಿದೆ, ಆದ್ದರಿಂದ ವಜಾ ಆಗಬೇಕು ಎಂದರು. ಸರ್ ನನಗೆ ಕೇಳಿದ್ದು ಇಷ್ಟೇ: ಏಪ್ರಿಲ್ 30 ಅವಧಿಯ ಒಳಗೋ, ಹೊರಗೋ?

ಮೊದಲ ಕರಡು ಪೂರ್ತಿ ತಪ್ಪಾಯಿತು, ಮತ್ತು ಆ ತಪ್ಪು ಕಾನೂನಿನದಲ್ಲ. ಫೈಲಿನಲ್ಲಿದ್ದ ಅಕ್ನಾಲೆಡ್ಜ್‌ಮೆಂಟ್ ಕಾರ್ಡಿನ ಮೇಲೆ ಎದ್ದು ಕಾಣುತ್ತಿದ್ದ ದುಂಡನೆಯ ಸೀಲಿನಲ್ಲಿ 11 ಎಂದಿದ್ದುದನ್ನೇ ಜಾರಿಯಾದ ದಿನವೆಂದು ಹಿಡಿದೆ. ಅಲ್ಲಿಂದ ಎಣಿಸಿದರೆ ಅವಧಿ ಏಪ್ರಿಲ್ 27ಕ್ಕೇ ಮುಗಿಯುತ್ತಿತ್ತು. ಮೂರು ದಿನ ತಡವಾಗಿದೆಯೆಂದು ಒಂಬತ್ತು ಪುಟ ಬರೆದು, ಆರೇಳು ತೀರ್ಪುಗಳನ್ನು ಪೂರ್ತಿ ಪ್ರಿಂಟ್ ತೆಗೆಸಿ, ಸುಮಾರು ಐದುನೂರು ರೂಪಾಯಿ ಕಳೆದುಕೊಂಡೆ. ಇಂಟರ್ನ್‌ಶಿಪ್‌ನಲ್ಲಿ ಒಂದು ರೂಪಾಯಿಯೂ ಬರುತ್ತಿರಲಿಲ್ಲವಾದ್ದರಿಂದ ಅದು ನನ್ನ ಬಸ್ಸಿನ ಹಣ. ಕಾರ್ಡನ್ನು ತಿರುಗಿಸಿ ತೋರಿಸಿದವರು ಕಚೇರಿಯ ಗುಮಾಸ್ತರು. "ತಂಗಿ, ಇದು ನಾವು ರಿಜಿಸ್ಟರ್ ಮಾಡಿದ ಅಂಚೆ ಕಚೇರಿ ಸೀಲು. ಅವನು ಸಹಿ ಮಾಡಿದ್ದು ಇಲ್ಲೈತಿ ನೋಡು" ಎಂದರು. ಸಹಿಯ ಕೆಳಗೆ ನೀಲಿ ಶಾಯಿಯಲ್ಲಿ 14-3 ಎಂದು ಸಣ್ಣದಾಗಿ ಬರೆದಿತ್ತು. ಅಂಚೆ ಇಲಾಖೆಯ ಟ್ರ್ಯಾಕಿಂಗ್ ಪ್ರಿಂಟಿನಲ್ಲಿಯೂ ಅದೇ ದಿನಾಂಕವಿತ್ತು. ಅಂದಿನಿಂದ ಕಾರ್ಡು, ಟ್ರ್ಯಾಕಿಂಗ್ ಮತ್ತು ದೂರಿನ ಕಂಡಿಕೆ, ಈ ಮೂರೂ ಒಂದೇ ತಾರೀಕು ಹೇಳುತ್ತವೆಯೇ ಎಂದು ನೋಡದೆ ನಾನು ಒಂದು ಸಾಲನ್ನೂ ಬರೆಯುವುದಿಲ್ಲ.

ಎರಡನೆಯ ಕರಡಿಗೆ ತಾರೀಕು ಸರಿಹೋಯಿತು. ಮಾರ್ಚ್ 14ನ್ನು ಬಿಟ್ಟು ಹದಿನೈದು ದಿನ ಎಣಿಸಿದರೆ 29ಕ್ಕೆ ಮುಗಿಯುತ್ತದೆ. ವ್ಯಾಜ್ಯಕಾರಣ, ಅಂದರೆ ದೂರು ಕೊಡುವ ಹಕ್ಕು, ಹುಟ್ಟುವುದು 30ರಂದು. ಇಲ್ಲಿಂದ ಒಂದು ತಿಂಗಳು. ಇಲ್ಲಿಯೇ ನಾನು ಮತ್ತೆ ಎಡವಿದೆ: 31ರಿಂದ ಮೂವತ್ತು ದಿನ ಎಣಿಸಿ ಏಪ್ರಿಲ್ 29 ಎಂದು ಬರೆದುಬಿಟ್ಟೆ. ಸರ್ ಕರಡನ್ನು ಓದಿ, "ಏನಮ್ಮಾ, ಕಲಂ 142ರಲ್ಲಿ ಮೂವತ್ತು ದಿನ ಅಂತ ಎಲ್ಲಿದೆ?" ಎಂದು ಮಾತ್ರ ಕೇಳಿ ಹಿಂದಿರುಗಿಸಿದರು. ಅಲ್ಲಿರುವುದು ಒಂದು ತಿಂಗಳು. ಜನರಲ್ ಕ್ಲಾಸಸ್ ಆಕ್ಟಿನ ಕಲಂ 3(35)ರ ಪ್ರಕಾರ ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳು, ಮೂವತ್ತು ದಿನವಲ್ಲ.

ಹುಡುಕಾಟದಲ್ಲಿಯೂ ಒಂದು ದಿನ ವ್ಯರ್ಥವಾಯಿತು. ಈಗಿನ ಕಾಯ್ದೆಯಲ್ಲಿರುವಂತೆ 142(1)(b) ಎಂದು ಹಾಕಿ ಹುಡುಕುತ್ತಿದ್ದೆ, ಬೇಕಾದದ್ದು ಸಿಗುತ್ತಿರಲಿಲ್ಲ. 2015ರ ತಿದ್ದುಪಡಿಗೆ ಮೊದಲು ಆ ಕಲಂನಲ್ಲಿ ಉಪಕಲಂಗಳೇ ಇರಲಿಲ್ಲ, ಹಾಗಾಗಿ ಹಳೆಯ ತೀರ್ಪುಗಳೆಲ್ಲ 142(b) ಎಂದೇ ಬರೆದಿವೆ. ತೀರ್ಪು ಹುಡುಕುವ Indian Kanoon ಜಾಲತಾಣದಲ್ಲಿ ಹೀಗೆ ಹಾಕಿದ ಮೇಲೆ ದಾರಿ ತೆರೆಯಿತು:

```
"142(b)" ANDD "one month" ANDD "excluding"
```

ಎದುರು ಪಕ್ಷದವರು ಯಾವ ತೀರ್ಪನ್ನು ಹಿಡಿಯಬಹುದೆಂದು ಮೊದಲೇ ಪತ್ತೆ ಮಾಡಲು ನನ್ನದೊಂದು ವಿಧಾನವಿದೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಆ ವಿಧಾನದಿಂದ ಸಿಕ್ಕಿದ್ದು 1999ರ ಸಿಲ್ ಇಂಪೋರ್ಟ್ ತೀರ್ಪು. ಅದರಲ್ಲಿ ಸುಪ್ರೀಂ ಕೋರ್ಟ್ ವ್ಯಾಜ್ಯಕಾರಣ ಹುಟ್ಟಿದ ದಿನವನ್ನೂ ಸೇರಿಸಿ ತಿಂಗಳನ್ನು ಎಣಿಸಿದೆ. ಅದೇ ಲೆಕ್ಕ ಹಿಡಿದರೆ ನಮ್ಮ ಅವಧಿ ಏಪ್ರಿಲ್ 29ಕ್ಕೆ ಮುಗಿಯುತ್ತದೆ. ಅಂದರೆ ಎದುರಿನವರಿಗೆ ಎರಡು ದಾರಿಗಳಿದ್ದವು, ಮೊದಲ ದಿನವನ್ನು ಸೇರಿಸಿ ಎಣಿಸುವುದು ಒಂದು, ತಿಂಗಳನ್ನು ಮೂವತ್ತು ದಿನ ಮಾಡುವುದು ಇನ್ನೊಂದು, ಮತ್ತು ಎರಡೂ ಒಂದೇ ತಾರೀಕಿಗೆ ಬಂದು ನಿಲ್ಲುತ್ತಿದ್ದವು. ಅವರು ಯಾವುದನ್ನು ಹಿಡಿದಿದ್ದಾರೆಂದು ತಿಳಿಯದೆ ಉತ್ತರ ಬರೆದರೆ ಅರ್ಧ ಉತ್ತರವಾಗುತ್ತಿತ್ತು.

ಮೊದಲನೆಯದಕ್ಕೆ ಉತ್ತರ ಸ್ಪಷ್ಟವಾಗಿದೆ. ಅದೇ 1999ರ ಸಾಕೇತ್ ಇಂಡಿಯಾ ತೀರ್ಪು ಆ ದಿನವನ್ನು ಬಿಟ್ಟು ಎಣಿಸಬೇಕೆಂದಿತ್ತು. ಎರಡೂ ದ್ವಿಸದಸ್ಯ ಪೀಠಗಳಾದ್ದರಿಂದ ಪ್ರಶ್ನೆ ತ್ರಿಸದಸ್ಯ ಪೀಠಕ್ಕೆ ಹೋಯಿತು. 2013ರಲ್ಲಿ ಎಕಾನ್ ಆಂತ್ರಿ ಪ್ರಕರಣದಲ್ಲಿ ಆ ಪೀಠ ಸಾಕೇತ್ ಸರಿ, ಸಿಲ್ ಇಂಪೋರ್ಟ್ ಸರಿಯಾದ ಕಾನೂನಲ್ಲ ಎಂದು ತೀರ್ಮಾನಿಸಿತು. ಹೆಚ್ಚಿನವರು ಇಷ್ಟು ಸಿಕ್ಕಿದ ಕೂಡಲೇ ಮೆಮೊ ಮುಗಿಸುತ್ತಾರೆ.

ನಾನು ಸಾಕೇತ್ ತೀರ್ಪಿನ ತಾರೀಕುಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಅಲ್ಲಿ ನೋಟಿಸು ತಲುಪಿದ್ದು 1995ರ ಸೆಪ್ಟೆಂಬರ್ 29ರಂದು, ವ್ಯಾಜ್ಯಕಾರಣ ಹುಟ್ಟಿದ್ದು ಅಕ್ಟೋಬರ್ 15ರಂದು, ದೂರು ಸಲ್ಲಿಸಿದ್ದು ನವೆಂಬರ್ 15ರಂದು. ಅಕ್ಟೋಬರ್ 16ರಿಂದ ಬೆರಳು ಮಡಿಸಿ ಎಣಿಸಿದರೆ ನವೆಂಬರ್ 15 ಮೂವತ್ತೊಂದನೆಯ ದಿನ! ಆದರೂ ಆ ದೂರು ಅವಧಿಯೊಳಗಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮದೂ ಹಾಗೆಯೇ: ಮಾರ್ಚ್ 31ರಿಂದ ಎಣಿಸಿದರೆ ಏಪ್ರಿಲ್ 30 ಮೂವತ್ತೊಂದನೆಯ ದಿನ. ಅಕ್ಟೋಬರ್, ಮಾರ್ಚ್ ಎರಡಕ್ಕೂ ಮೂವತ್ತೊಂದು ದಿನಗಳಿರುವುದರಿಂದ ಎರಡು ಪ್ರಕರಣಗಳ ಲೆಕ್ಕ ಒಂದೇ ಆಗಿ ಕೂಡಿಬಂದಿತ್ತು. ಮೂವತ್ತು ದಿನದ ವಾದಕ್ಕೆ ಬೇರೆ ತೀರ್ಪು ಹುಡುಕುವ ಅಗತ್ಯವೇ ಉಳಿಯಲಿಲ್ಲ. ಈ ಹೋಲಿಕೆಯನ್ನು ಕಂಡುಹಿಡಿದದ್ದು ನಾನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಡುವೆ ಇನ್ನೊಂದು ಕಡೆಗೂ ಹೋಗಿ ಬಂದೆ. ಮಧ್ಯಸ್ಥಿಕೆ ಕಾಯ್ದೆಯ ಕಲಂ 34ರಲ್ಲಿರುವ ಮೂರು ತಿಂಗಳು ತೊಂಬತ್ತು ದಿನವಲ್ಲ ಎಂದು 2010ರ ಹಿಮಾಚಲ ಟೆಕ್ನೋ ತೀರ್ಪಿನಲ್ಲಿದೆ. ಅದನ್ನು ಅರ್ಧ ಪುಟ ಬರೆದು, ಬೇರೆ ಕಾಯ್ದೆಯದಾದ್ದರಿಂದ ಒಂದೇ ಸಾಲಿಗೆ ಇಳಿಸಿದೆ. ವಿಳಂಬ ಮನ್ನಾ ಮಾಡಲು ಕಲಂ 142ರಲ್ಲಿಯೇ ಅವಕಾಶವಿದೆ ಎಂಬುದನ್ನು ಸೇರಿಸಬೇಕೆಂದಿದ್ದೆ, ಸರ್ ಬೇಡವೆಂದರು. ಅರ್ಜಿಯೇ ಹಾಕದೆ ಅದನ್ನು ಎತ್ತಿದರೆ ತಡವಾದದ್ದನ್ನು ನಾವೇ ಒಪ್ಪಿಕೊಂಡಂತೆ ಕಾಣುತ್ತದೆ ಎಂಬುದು ಅವರ ಮಾತು, ಅದು ಸರಿ.

ಕೊನೆಯ ಮೆಮೊದಲ್ಲಿ ಮೇಲ್ಗಡೆ ಪ್ರಶ್ನೆ, ತಾರೀಕುಗಳ ಸಮೇತ ಒಂದೇ ವಾಕ್ಯದಲ್ಲಿ. ಅದರ ಕೆಳಗೆ ಉತ್ತರ: ಅವಧಿಯೊಳಗಿದೆ, ಕೊನೆಯ ದಿನ ಏಪ್ರಿಲ್ 30. ನಂತರ ನಮ್ಮ ತಾರೀಕು ಮತ್ತು ಸಾಕೇತ್ ತಾರೀಕುಗಳು ಅಕ್ಕಪಕ್ಕ. ಸಿಲ್ ಇಂಪೋರ್ಟನ್ನು ಮುಚ್ಚಿಡದೆ ಮೊದಲು ಬರೆದು, ಅದು ಏಕೆ ನಿಲ್ಲುವುದಿಲ್ಲವೆಂದು ಆಮೇಲೆ ಬರೆದೆ. ಕಡೆಯಲ್ಲಿ ಒಂದು ಎಚ್ಚರಿಕೆಯ ಸಾಲು: ನೋಟಿಸು 13ರಂದೇ ತಲುಪಿದೆಯೆಂದು ಎದುರಿನವರು ಸಾಬೀತು ಮಾಡಿದರೆ ಕೊನೆಯ ದಿನ 29 ಆಗುತ್ತದೆ, ಆಗ ಈ ಮೆಮೊ ಉಪಯೋಗಕ್ಕೆ ಬರುವುದಿಲ್ಲ. ತೀರ್ಪುಗಳನ್ನು ಸುಪ್ರೀಂ ಕೋರ್ಟಿನ eSCR ಜಾಲತಾಣದಿಂದ ಉಚಿತವಾಗಿ ಇಳಿಸಿಕೊಂಡು, ಬೇಕಾದ ಪುಟಗಳನ್ನಷ್ಟೇ ಮುದ್ರಿಸಿದೆ. ಈ ಸಲ ಖರ್ಚಾದದ್ದು ನಲವತ್ತು ರೂಪಾಯಿಯ ಆಸುಪಾಸು.

ವಾದದ ದಿನ ಸರ್ ಎರಡನೆಯ ಪುಟವನ್ನು ಕೈಯಲ್ಲಿ ಹಿಡಿದು, ಎರಡು ಸಾಲು ತಾರೀಕುಗಳನ್ನು ಒಂದಾದ ಮೇಲೊಂದು ಓದಿದರು. ಎದುರು ವಕೀಲರು ಸಿಲ್ ಇಂಪೋರ್ಟನ್ನೇ ತಂದಿದ್ದರು. ಅವಧಿ ಮೀರಿದೆ ಎಂಬ ತಕರಾರನ್ನು ನ್ಯಾಯಾಲಯ ಒಪ್ಪಲಿಲ್ಲ. ಸಂಜೆ ಕಚೇರಿಗೆ ಬಂದಾಗ ಮೊದಲ ಕರಡಿನ ಪ್ರಿಂಟಿನ ಹಣವನ್ನು ಸರ್ ನನ್ನ ಕೈಗಿಟ್ಟರು, ಗುಮಾಸ್ತರು ಇನ್ನೊಂದು ಫೈಲಿನ ಅಕ್ನಾಲೆಡ್ಜ್‌ಮೆಂಟ್ ಕಾರ್ಡನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು.