‘ಸ್ವಲ್ಪ ಕೆಮ್ಮು ಅಷ್ಟೇ’ ಎನ್ನುವವರು ಕೂಸನ್ನು ನೋಡಲು ಬಂದಾಗ

ಹಸುಗೂಸನ್ನು ನೋಡಲು ಬರುವವರಲ್ಲಿ ಜ್ವರದಿಂದ ಹಾಸಿಗೆ ಹಿಡಿದವರು ಇರುವುದಿಲ್ಲ. ಅವರು ತಾವಾಗಿಯೇ ಮನೆಯಲ್ಲಿ ಉಳಿಯುತ್ತಾರೆ. ಕಷ್ಟ ಬರುವುದು ಓಡಾಡಿಕೊಂಡಿರುವವರಿಂದ. ನಾಲ್ಕು ದಿನದಿಂದ ಮೂಗು ಸೋರುತ್ತಿದೆ, ಆಗೊಮ್ಮೆ ಈಗೊಮ್ಮೆ ಕೆಮ್ಮು, ಕೇಳಿದರೆ ‘ಧೂಳಿನ ಅಲರ್ಜಿ’ ಎಂಬ ಉತ್ತರ.

ಆ ಉತ್ತರವನ್ನು ನಂಬುವ ಮೊದಲು ನಾಯಿಕೆಮ್ಮಿನ ಸ್ವಭಾವ ತಿಳಿದಿರಬೇಕು. ಮೊದಲ ಒಂದೆರಡು ವಾರ ಅದು ಸಾಮಾನ್ಯ ನೆಗಡಿಯಂತೆಯೇ ಇರುತ್ತದೆ. ಚೆನ್ನಾಗಿ ಹರಡುವುದೂ ಹೆಚ್ಚಾಗಿ ಆ ದಿನಗಳಲ್ಲೇ. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಲಸಿಕೆಯ ಬಲ ವರ್ಷ ಕಳೆದಂತೆ ಕುಂದುವುದರಿಂದ ದೊಡ್ಡವರಿಗೂ ಅದು ಬರುತ್ತದೆ. ಅವರಿಗೆ ಬಿಡದ ಕೆಮ್ಮು, ನಿದ್ದೆಗೇಡು, ಕೂಸಿಗೆ ಪ್ರಾಣಾಪಾಯ. ಎಳೆಯ ಮಗು ಕೆಮ್ಮದೆಯೇ ಇರಬಹುದು, ನೇರವಾಗಿ ಉಸಿರು ಕಟ್ಟಿ ನೀಲಿಗಟ್ಟಬಹುದು. ಅದರ ಮೊದಲ ಲಸಿಕೆ 6ರಿಂದ 8 ವಾರದ ಹೊತ್ತಿಗೆ. ಅಲ್ಲಿಯವರೆಗೆ ತಾಯಿ ಬಸುರಿಯಾಗಿದ್ದಾಗ ಈ ಲಸಿಕೆ ಪಡೆದಿದ್ದರೆ ಅವಳಿಂದ ಬಂದ ರಕ್ಷಣೆ, ಇಲ್ಲದಿದ್ದರೆ ಬಾಗಿಲು ಕಾಯುವವರ ಎಚ್ಚರ.

ಬರುವ ಮೊದಲೇ ಹೇಳಿ

ಬಾಗಿಲಲ್ಲಿ ನಿಂತವರನ್ನು ತಡೆಯುವುದಕ್ಕಿಂತ ಹೊರಡುವ ಮೊದಲೇ ತಿಳಿಸುವುದು ಸುಲಭ. ಮಗು ಹುಟ್ಟಿದ ಸುದ್ದಿಯ ಜೊತೆಗೇ ಒಂದು ಸಾಲು ಸೇರಿಸಿ: ‘ಬರುವ ದಿನ ಬೆಳಿಗ್ಗೆ ಒಂದು ಫೋನ್ ಮಾಡಿ. ಕೆಮ್ಮು, ನೆಗಡಿ, ಜ್ವರ, ವಾಂತಿಭೇದಿ ಇದ್ದರೆ ವಾಸಿಯಾದ ಮೇಲೆ ಬನ್ನಿ, ಮಗು ಇಲ್ಲೇ ಇರುತ್ತದೆ.’ ಎಲ್ಲರಿಗೂ ಒಂದೇ ಸಾಲು ಹೋದರೆ ತಮ್ಮೊಬ್ಬರನ್ನೇ ಬೇಡವೆಂದರು ಎಂದು ಯಾರಿಗೂ ಅನ್ನಿಸುವುದಿಲ್ಲ.

ಎಷ್ಟು ದಿನ ದೂರ ಇರಬೇಕು ಎಂದು ಖಂಡಿತ ಕೇಳುತ್ತಾರೆ. ವಾಂತಿಭೇದಿಯಾದರೆ ಅದು ಪೂರ್ತಿ ನಿಂತು 48 ಗಂಟೆ ಕಳೆಯಬೇಕು. ಚಿಕನ್‌ಪಾಕ್ಸ್ ಆಗಿದ್ದರೆ ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆಗಟ್ಟಬೇಕು. ಸರ್ಪಸುತ್ತಿಗೂ ಇದೇ ಮಾತು. ನೆಗಡಿ, ಕೆಮ್ಮಿಗೆ ಲಕ್ಷಣಗಳು ಹೋಗುವವರೆಗೆ. ಎರಡು ವಾರ ದಾಟಿದ ಕೆಮ್ಮಾದರೆ ವೈದ್ಯರಿಗೆ ತೋರಿಸಿದ ಮೇಲಷ್ಟೇ.

ಇವೆಲ್ಲಕ್ಕಿಂತ ಕಡಿಮೆ ಗಮನಕ್ಕೆ ಬರುವುದು ತುಟಿಯ ಅಂಚಿನಲ್ಲಿ ಏಳುವ ನೀರುಗುಳ್ಳೆಗಳ ಗುಂಪು. ಜ್ವರ ಬಂದು ಹೋದ ಗುರುತು ಎಂದು ಎಲ್ಲರೂ ಉದಾಸೀನ ಮಾಡುತ್ತಾರೆ. ಅದು ಹರ್ಪಿಸ್ ವೈರಾಣುವಿನ ಹುಣ್ಣು. ಒಂದು ಮುತ್ತಿನಿಂದ ನವಜಾತ ಶಿಶುವಿಗೆ ಅಂಟಿದರೆ ಮಿದುಳು, ಯಕೃತ್ತಿಗೂ ಹಬ್ಬಬಲ್ಲದು. ಹಕ್ಕಳೆ ಉದುರಿ ಚರ್ಮ ಪೂರ್ತಿ ಮಾಗುವವರೆಗೆ ಅವರು ಮಗುವನ್ನು ಎತ್ತಿಕೊಳ್ಳದಿರುವುದೇ ಸರಿ. ಇದನ್ನು ನಾಲ್ವರ ಎದುರು ಹೇಳಬೇಡಿ, ಒಳಗೆ ಕರೆದು ಹೇಳಿ.

ಕೈ ತೊಳೆಯುವ ಮೊದಲು ಮೊಬೈಲ್ ಇಡಿ

‘ಕೈ ತೊಳೆದುಕೊಂಡೆ’ ಎಂದವರಲ್ಲಿ ಬಹಳಷ್ಟು ಜನ ನೀರಿನಲ್ಲಿ ಅಂಗೈ ಅದ್ದಿ ಬಂದಿರುತ್ತಾರೆ. ಉಂಗುರ, ಬಳೆ, ಗಡಿಯಾರ ತೆಗೆದು, ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಬೇಕು. ಸಾಮಾನ್ಯವಾಗಿ ತಪ್ಪಿಹೋಗುವುದು ಹೆಬ್ಬೆರಳು, ಬೆರಳ ತುದಿ ಮತ್ತು ಬೆರಳ ಸಂದುಗಳು. ಮಗುವಿಗೆ ತಾಗುವುದು ಆ ಬೆರಳ ತುದಿಯೇ. ಆಮೇಲೆ ಒಗೆದ ಬಟ್ಟೆಯಲ್ಲಿ ಒರೆಸಿ ಒಣಗಿಸಿಕೊಳ್ಳಬೇಕು, ಏಕೆಂದರೆ ಒದ್ದೆ ಕೈ ಒಣಗಿದ ಕೈಗಿಂತ ಹೆಚ್ಚು ರೋಗಾಣುಗಳನ್ನು ದಾಟಿಸುತ್ತದೆ. ಎಲ್ಲರೂ ಒರೆಸಿದ ಒಂದೇ ಟವೆಲ್ ಬೇಡ.

ಇಷ್ಟೆಲ್ಲ ಮಾಡಿದವರು ಮರುಕ್ಷಣವೇ ಫೋಟೊ ತೆಗೆಯಲು ಮೊಬೈಲ್ ಹಿಡಿಯುತ್ತಾರೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಹಿಡಿದಿದ್ದ ಅದೇ ಮೊಬೈಲ್. ಹಾಗಾಗಿ ನನ್ನ ಕ್ರಮ ಬೇರೆ: ಮೊದಲು ಫೋಟೊ, ನಂತರ ಮೊಬೈಲ್ ಮೇಜಿನ ಮೇಲೆ, ನಂತರ ಕೈ ತೊಳೆಯುವುದು, ಕೊನೆಗೆ ಮಗು. ಸ್ಯಾನಿಟೈಸರ್ ಆದರೆ ಅದರಲ್ಲಿ ಶೇಕಡ 60ಕ್ಕಿಂತ ಕಡಿಮೆ ಆಲ್ಕೊಹಾಲ್ ಇರಬಾರದು, ಕೈ ಒಣಗುವವರೆಗೆ ಉಜ್ಜಬೇಕು. ವಾಂತಿಭೇದಿ ತರುವ ನೊರೊವೈರಸ್ ಮೇಲೆ ಅದು ಅಷ್ಟಾಗಿ ನಡೆಯದು, ಅಲ್ಲಿ ಸೋಪೇ ಬೇಕು.

ಮುಖಕ್ಕೆ, ಕೈಗೆ ಮುತ್ತು ಬೇಡ. ಕೈ ಏಕೆಂದರೆ ಮಗು ಅದನ್ನು ಬಾಯಿಗೆ ಒಯ್ಯುತ್ತದೆ. ಪಾದ ಮುಟ್ಟಿ ಮಾತಾಡಿಸಲಿ.

ಬಂದೇಬಿಟ್ಟರೆ

ನಮ್ಮ ಮನೆಯ ಕೂಸಿಗೆ 12 ದಿನವಾಗಿದ್ದಾಗ ನನ್ನ ಗಂಡನ ಸೋದರತ್ತೆಯೊಬ್ಬರು ಹೇಳದೆ ಬಂದರು. ಆರು ಗಂಟೆ ಬಸ್ಸಿನಲ್ಲಿ ಕೂತು ಬಂದ ಹಿರಿಯರು, ಮಾತಿನ ನಡುವೆ ಕೆಮ್ಮು. ಆಗ ಒಂದು ವಿಷಯ ಕಲಿತೆ: ‘ಬೇಡ’ ಎನ್ನುವ ಮಾತು ಅವರ ಕಡೆಯವರ ಬಾಯಿಂದಲೇ ಬರಬೇಕು. ನಾನು ಹೇಳಿದ್ದರೆ ಅದು ಸೊಸೆಯ ಸೊಕ್ಕು ಎಂದಾಗುತ್ತಿತ್ತು. ನನ್ನ ಗಂಡ ಹೇಳಿದರು: “ಅತ್ತೆ, ಕೆಮ್ಮು ಇದ್ದವರು ಮಗುವಿನ ಹತ್ತಿರ ಹೋಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ಹೋದ ವಾರ ನನಗೇ ನೆಗಡಿಯಾಗಿ ನಾಲ್ಕು ದಿನ ಆಚೆ ಕೋಣೆಯಲ್ಲಿ ಮಲಗಿದ್ದೆ. ನೀವು ವಾಸಿ ಮಾಡಿಕೊಂಡು ಬನ್ನಿ, ನಾನೇ ಕರೆದುಕೊಂಡು ಬರುತ್ತೇನೆ.”

ಅತ್ತೆಯ ಮುಖ ಬಾಡಿತು, ಸುಳ್ಳು ಹೇಳಲಾರೆ. “ನಾನು ಎಷ್ಟು ಮಕ್ಕಳನ್ನು ಎತ್ತಿ ಆಡಿಸಿಲ್ಲ?” ಎಂದರು. ಅದಕ್ಕೆ ವಾದ ಹೂಡಲಿಲ್ಲ. ಕಿಟಕಿಗಳನ್ನೆಲ್ಲ ತೆರೆದು ಹಜಾರದಲ್ಲಿ ಕೂರಿಸಿದೆವು, ಮಾಸ್ಕ್ ಕೊಟ್ಟೆವು, ನನ್ನ ಗಂಡನೂ ಹಾಕಿಕೊಂಡರು. ಮಗುವನ್ನು ಕೋಣೆಯ ಬಾಗಿಲಲ್ಲಿ, ದೂರದಿಂದ ತೋರಿಸಿದೆವು. ತಾನು ತಂದ ಬಟ್ಟೆಯನ್ನು ಮಗುವಿಗೆ ತೊಡಿಸಿದ ಫೋಟೊ ಕಳಿಸುತ್ತೇವೆ ಎಂದಾಗ ಅವರು ಸ್ವಲ್ಪ ಸಡಿಲಾದರು. (ಹೊಸ ಬಟ್ಟೆಯನ್ನು ಒಗೆದೇ ತೊಡಿಸಿ.)

ಎಂಟು ದಿನದ ನಂತರ ಅವರೇ ಫೋನ್ ಮಾಡಿದರು. ಕೆಮ್ಮು ಜೋರಾಗಿ ಆಸ್ಪತ್ರೆಗೆ ಹೋಗಿದ್ದರು, ನಾಯಿಕೆಮ್ಮು ಎಂದು ಔಷಧ ಕೊಟ್ಟಿದ್ದರು. ಅವಮಾನವಾಗಿದ್ದರೆ ಆ ಫೋನ್ ಬರುತ್ತಿರಲಿಲ್ಲ. ಮಕ್ಕಳ ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ಯಾರು ಎಷ್ಟು ಹತ್ತಿರ, ಎಷ್ಟು ಹೊತ್ತು ಇದ್ದರು? ಮಾಸ್ಕ್ ಹುಡುಕಿ ತರುವ ಮೊದಲು ನನ್ನ ಗಂಡ ಎದುರುಬದುರು ಕೂತು ಬಹಳ ಹೊತ್ತು ಮಾತಾಡಿದ್ದರಿಂದ ಅವರಿಗೂ, ನನಗೂ, ಮಗುವಿಗೂ 5 ದಿನದ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಈ ಔಷಧ ಲಕ್ಷಣ ಕಾಣುವ ಮೊದಲೇ ಕೊಟ್ಟರೆ ಹೆಚ್ಚು ಪ್ರಯೋಜನ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು 21 ದಿನದವರೆಗೂ ಹಿಡಿಯಬಹುದಾದ್ದರಿಂದ ಅಷ್ಟು ದಿನ ಮಗುವಿನ ಮೇಲೆ ಕಣ್ಣಿಟ್ಟಿದ್ದೆವು.

ಕಣ್ಣಿಡುವುದು ಎಂದರೆ ಇಷ್ಟು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರದ ಔಷಧ ಹಾಕಿ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಎದೆಗೆ ಅಪ್ಪಿಕೊಂಡು ಹೊದಿಸಿದರೂ 36.5ಕ್ಕಿಂತ ಕೆಳಗೇ ಉಳಿದರೂ ಹಾಗೆಯೇ. ಮಗು ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ: 60 ದಾಟಿದರೆ, ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆದರೆ, ಹಾಲು ಕುಡಿಯಲು ಎದ್ದೇಳದೆ ಮಂಕಾಗಿದ್ದರೆ, ತುಟಿ ನೀಲಿಯಾದರೆ ತಡ ಮಾಡುವಂತಿಲ್ಲ.

ನೆಗಡಿ ಬಾಣಂತಿಗೇ ಬಂದರೆ? ಹಾಲು ನಿಲ್ಲಿಸಬೇಕಾಗಿಲ್ಲ. ಮಾಸ್ಕ್ ಹಾಕಿ, ಕೈ ತೊಳೆದು ಕುಡಿಸಲಿ. ಆ ನೆಗಡಿಯ ವಿರುದ್ಧ ಅವಳ ಮೈ ತಯಾರಿಸಿದ ಪ್ರತಿಕಾಯಗಳು ಹಾಲಿನ ಮೂಲಕವೇ ಮಗುವಿಗೆ ಹೋಗುತ್ತವೆ.