ಸಂಕ್ರಾಂತಿ ಏಕೆ ತಡ? ಸೈಕಲ್ ಚಕ್ರದಲ್ಲಿ ನೋಡಿ

ಡೊಂಬಿವಲಿಯ ನಮ್ಮ ಸೊಸೈಟಿಯ ತಾರಸಿಯಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಡಿಸೆಂಬರ್ 21ರ ನಡುಹಗಲಿನ ನೆರಳನ್ನು ಅಳೆದರೆ ಸುಮಾರು 92 ಸೆಂ.ಮೀ. ಬರುತ್ತದೆ. (ಇಲ್ಲಿ ನಡುಹಗಲು ಎಂದರೆ 12.35ರ ಆಸುಪಾಸು, 12ಕ್ಕೇ ಅಳೆದರೆ ಲೆಕ್ಕ ಕೆಡುತ್ತದೆ.) ಜನವರಿ 14ರಂದು ಅದೇ ನೆರಳು 85ಕ್ಕೆ ಇಳಿದಿರುತ್ತದೆ. ನಾವು ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಸೂರ್ಯ ಉತ್ತರಕ್ಕೆ ತಿರುಗಿ ಆಗಲೇ 24 ದಿನ ಕಳೆದಿವೆ.

ಸಂಕ್ರಾಂತಿಯನ್ನು ಎಣಿಸುವುದು ಸೂರ್ಯ ನಕ್ಷತ್ರಗಳ ನಡುವೆ ಮಕರ ರಾಶಿಗೆ ಬರುವುದನ್ನು ನೋಡಿ. ಸೂರ್ಯ ಉತ್ತರಕ್ಕೆ ತಿರುಗುವ ದಿನವನ್ನು ಗೊತ್ತುಮಾಡುವುದು ಭೂಮಿಯ ಅಕ್ಷ ವಾಲಿದ ದಿಕ್ಕು. ಆ ದಿಕ್ಕು ನಿಧಾನವಾಗಿ ಸರಿಯುತ್ತಿರುವುದರಿಂದ ಎರಡು ದಿನಗಳೂ ಬೇರೆಬೇರೆಯಾಗಿವೆ. ಅದು ಸರಿಯಲು ಕಾರಣ ಭೂಮಿಯ ಹೊಟ್ಟೆ. ಸಮಭಾಜಕದ ಬಳಿ ಅದರ ತ್ರಿಜ್ಯ ಧ್ರುವಗಳಿಗಿಂತ 21 ಕಿ.ಮೀ. ಹೆಚ್ಚು. ಈ ಉಬ್ಬಿನ ಹತ್ತಿರದ ಬದಿಯನ್ನು ಸೂರ್ಯ ಚಂದ್ರರು ದೂರದ ಬದಿಗಿಂತ ಜೋರಾಗಿ ಸೆಳೆಯುತ್ತಾರೆ. ವಾಲಿದ ಅಕ್ಷವನ್ನು ನೆಟ್ಟಗೆ ಮಾಡುವಂತಹ ಸೆಳೆತ ಅದು. ಆದರೆ ತಿರುಗುತ್ತಿರುವ ವಸ್ತು ಎಳೆದ ಕಡೆಗೆ ಹೋಗದೆ ಪಕ್ಕಕ್ಕೆ ಸರಿಯುತ್ತದೆ.

ಇದನ್ನು ಕಣ್ಣಾರೆ ನೋಡಲು ಹಳೆಯ ಸೈಕಲ್ಲಿನ ಮುಂದಿನ ಚಕ್ರ ಸಾಕು. ಅಚ್ಚಿನ ಒಂದು ತುದಿಗೆ ಹಗ್ಗ ಬಿಗಿದು ಕೊಕ್ಕೆಗೆ ನೇತುಹಾಕಿ. ಹಗ್ಗದ ತುದಿ ಮೇಲಿರುವಂತೆ ಅಚ್ಚನ್ನು ಸ್ವಲ್ಪ ಓರೆಯಾಗಿ ಹಿಡಿದು, ಮೇಲಿನಿಂದ ನೋಡಿದಾಗ ಎಡಸುತ್ತು ಬರುವಂತೆ ಚಕ್ರವನ್ನು ರಭಸದಿಂದ ತಿರುಗಿಸಿ ಕೈಬಿಡಿ. ತೂಕವು ಅಚ್ಚನ್ನು ನೆಟ್ಟಗೆ ಮಾಡಲು ಎಳೆಯುತ್ತದೆ. ಅಚ್ಚು ಮಾತ್ರ ಓರೆಯಾಗಿಯೇ ಉಳಿದು ನಿಧಾನವಾಗಿ ಬಲಸುತ್ತು ಹೊರಡುತ್ತದೆ. ಚಕ್ರದ ವೇಗ ತಗ್ಗಿದಷ್ಟೂ ಈ ಸುತ್ತು ಚುರುಕಾಗುತ್ತದೆ. ಅಚ್ಚು ಸುತ್ತದೆ ಬರೀ ತೂಗಾಡಿದರೆ ನೀವು ಚಕ್ರವನ್ನು ಸಾಕಷ್ಟು ಜೋರಾಗಿ ತಿರುಗಿಸಿಲ್ಲ ಎಂದೇ ಅರ್ಥ.

ಸಾಮಾನ್ಯವಾಗಿ ಬುಗುರಿಯನ್ನು ತೋರಿಸಿ ಇದನ್ನು ವಿವರಿಸುತ್ತಾರೆ. ನನಗೆ ಅದು ಅಷ್ಟು ಹಿಡಿಸದು. ಬುಗುರಿಯನ್ನು ತೂಕ ಬೀಳಿಸಲು ನೋಡುತ್ತದೆ, ಆದ್ದರಿಂದ ಅದರ ಅಚ್ಚು ಬುಗುರಿ ತಿರುಗುವ ದಿಕ್ಕಿಗೇ ಸುತ್ತುತ್ತದೆ. ಭೂಮಿಯದು ತೂಗುವ ಚಕ್ರದ ಹಾಗೆ, ತಿರುಗುವುದಕ್ಕೆ ವಿರುದ್ಧ ದಿಕ್ಕು.

ಸೂರ್ಯ ಚಂದ್ರರಿಬ್ಬರಲ್ಲಿ ಯಾರ ಪಾಲು ಹೆಚ್ಚು? ಸೂರ್ಯನ ದ್ರವ್ಯರಾಶಿ ಚಂದ್ರನ 2.7 ಕೋಟಿ ಪಟ್ಟು, ದೂರ 390 ಪಟ್ಟು. ಇಲ್ಲಿ ಕೆಲಸ ಮಾಡುವುದು ಉಬ್ಬಿನ ಎರಡು ಬದಿಗಳ ಸೆಳೆತದ ವ್ಯತ್ಯಾಸ. ಅದು ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. 390ರ ಘನ ಸುಮಾರು 5.9 ಕೋಟಿ. 2.7ನ್ನು 5.9ರಿಂದ ಭಾಗಿಸಿದರೆ 0.46. ಪುಟ್ಟ ಚಂದ್ರನ ಪಾಲು ಸೂರ್ಯನದಕ್ಕಿಂತ ಇಮ್ಮಡಿಗೂ ಹೆಚ್ಚು.

ಇಬ್ಬರೂ ಸೇರಿ ಅಕ್ಷದ ದಿಕ್ಕನ್ನು ಸರಿಸುವುದು 72 ವರ್ಷಕ್ಕೆ ಒಂದು ಡಿಗ್ರಿ. ಪೂರ್ತಿ ಸುತ್ತಿಗೆ ಸುಮಾರು 25,800 ವರ್ಷ. ಸೂರ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ನಡೆಯುವುದರಿಂದ ನಮ್ಮ 24 ದಿನವೆಂದರೆ 24 ಡಿಗ್ರಿ. ಅದನ್ನು 72ರಿಂದ ಗುಣಿಸಿ: 1,728 ವರ್ಷ. ಮಕರ ಸಂಕ್ರಾಂತಿಯೂ ನಿಜವಾದ ಉತ್ತರಾಯಣವೂ ಒಂದೇ ದಿನ ಬೀಳುತ್ತಿದ್ದುದು ಕ್ರಿ.ಶ. 3ನೇ ಶತಮಾನದ ಕೊನೆಯ ಸುಮಾರಿಗೆ. ಪಂಚಾಂಗದಲ್ಲಿ ‘ಅಯನಾಂಶ’ ಎಂಬ ಹೆಸರಿನಲ್ಲಿ ಅಚ್ಚಾಗುವುದು ಈ 24 ಡಿಗ್ರಿಯೇ. ಎಲ್ಲಿಂದ ಎಣಿಸಬೇಕು ಎಂಬುದರಲ್ಲಿ ಪಂಚಾಂಗಕರ್ತರಿಗೆ ಒಮ್ಮತವಿಲ್ಲವಾದ್ದರಿಂದ ನಿಮ್ಮ ಮನೆಯ ಪ್ರತಿಯಲ್ಲಿ ಅಂಕಿ ತುಸು ಬೇರೆ ಇರಬಹುದು.